ಮೂರು ಆ್ಯಪ್, ಮೂರು ಲೆಕ್ಕ, ಒಂದೇ ಮೈ

ನಮ್ಮ ಸಕಲೇಶಪುರ-ಆಲೂರು ಸೀಮೆಯ ಕಾಫಿ ತೋಟಗಳಲ್ಲಿ 'ಚೆಕ್ ರೋಲ್' ಅಂತ ಒಂದು ಪುಸ್ತಕ ಇರುತ್ತೆ. ಯಾವ ಆಳು ಯಾವತ್ತು ಬಂದ, ಪೂರ್ತಿ ದಿನವೋ ಅರ್ಧ ದಿನವೋ, ಹಣ್ಣು ಕುಯ್ದದ್ದು ಎಷ್ಟು ಕೆಜಿ, ಎಲ್ಲವನ್ನೂ ರೈಟರು ಅದರಲ್ಲಿ ಬರೆಯುತ್ತಾರೆ. ಬಟವಾಡೆ ದಿನ ಅದೇ ಪುಸ್ತಕ ನೋಡಿ ದುಡ್ಡು. ಆ ಪುಸ್ತಕದ ಬಗ್ಗೆ ಜಗಳ ಇಲ್ಲದ ತೋಟವೇ ಇಲ್ಲ ಬಿಡಿ. ಆದರೆ ಜಗಳ ಆಡೋದಕ್ಕಾದರೂ ಒಂದು ಪುಸ್ತಕ ಇದೆ! 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಬಂದ ಮೇಲೆ ವಾರಕ್ಕೊಂದು ರಜೆ ಅನ್ನೋದೂ ಕಾನೂನಾಯಿತು.

ಈಗ ಅದೇ ತೋಟದ ಲೈನ್ ಮನೆಗಳ, ಅಕ್ಕಪಕ್ಕದ ಹಳ್ಳಿಗಳ ಹುಡುಗರು ಬೈಕ್ ಹತ್ತಿ ಆ್ಯಪ್ ಕೆಲಸಕ್ಕೆ ಹೋಗುತ್ತಿದ್ದಾರೆ. ಬೆಳಿಗ್ಗೆ ಪಾರ್ಸೆಲ್, ಸಾಯಂಕಾಲ ಹಾಸನದಲ್ಲಿ ಊಟ ತಲುಪಿಸೋದು. ಒಬ್ಬನ ಫೋನಿನಲ್ಲಿ ಎರಡು ಮೂರು ಆ್ಯಪ್ ಇರೋದು ಮಾಮೂಲು. ಪ್ರತಿ ಆ್ಯಪ್ಪಿನಲ್ಲೂ ಅದರದ್ದೇ ಲೆಕ್ಕ ಇದೆ. ಇಲ್ಲದೇ ಇರೋದು ಎಲ್ಲವನ್ನೂ ಒಟ್ಟಿಗೆ ಸೇರಿಸಿ ಬರೆಯುವ ರೈಟರು. ಈ ಪೋಸ್ಟಿನಲ್ಲಿ ನಾನು ಹೇಳಬೇಕೆಂದಿರೋದು ಇಷ್ಟೇ: ಆ ಒಟ್ಟು ಲೆಕ್ಕವನ್ನು ಸದ್ಯಕ್ಕೆ ಹುಡುಗನೇ ಇಟ್ಟುಕೊಳ್ಳಬೇಕು, ಮುಂದೆ ಸರಕಾರ ಅದನ್ನು ತಾನೇ ಅವನಿಗೆ ತೋರಿಸಬೇಕು. ಯಾಕೆ ಅಂತ ಒಂದು ಉದಾಹರಣೆ ಹಿಡಿದು ನೋಡೋಣ. ಸ್ವಲ್ಪ ಗಣಿತ ಇದೆ, ಬೇಜಾರು ಮಾಡ್ಕೋಬೇಡಿ :)

ಆಲೂರಿನ ಹತ್ತಿರದ ಒಬ್ಬ ಹುಡುಗ ಅಂದುಕೊಳ್ಳಿ. ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲ ಆಗೋ ಹಾಗೆ ದುಂಡಗೆ ಮಾಡಿದ್ದೇನೆ, ಆದರೆ ದಿನಚರಿ ನಾನು ನೋಡಿದ ಹುಡುಗರದ್ದೇ. ಬೆಳಿಗ್ಗೆ 6.45ಕ್ಕೆ ಮನೆ ಬಿಡುತ್ತಾನೆ. 7ಕ್ಕೆ ಪಾರ್ಸೆಲ್ ಗೋಡೌನು. ಅಲ್ಲಿ ವಿಂಗಡಣೆ, ಚೀಲಕ್ಕೆ ತುಂಬೋದು. 8.15ಕ್ಕೆ ಹೊರಟರೆ 1 ಗಂಟೆಗೆ ಕೊನೆಯ ಪಾರ್ಸೆಲ್, 1.45ಕ್ಕೆ ಮನೆ. ಊಟ, ಒಂದು ನಿದ್ದೆ. 5 ಗಂಟೆಗೆ ಮತ್ತೆ ಹೊರಟು ಹದಿನೈದು ಕಿಲೋಮೀಟರ್ ಆಚೆಯ ಹಾಸನ. ಅಲ್ಲಿ 5.30ರಿಂದ 10.30ರ ತನಕ ಒಂದು ಊಟದ ಆ್ಯಪ್, 5.45ರಿಂದ 10.15ರ ತನಕ ಇನ್ನೊಂದು. ಎರಡೂ ಒಟ್ಟಿಗೇ ಆನ್. ಯಾವುದರಲ್ಲಿ ಆರ್ಡರ್ ಮೊದಲು ಬಂತೋ ಅದು. ರಾತ್ರಿ 11ಕ್ಕೆ ಮನೆ. ನಡುವೆ ಅರ್ಧ ಗಂಟೆ ಎರಡನ್ನೂ ಆಫ್ ಮಾಡಿ ಟೀ, ತಿಂಡಿ.

ಈ ದಿನ ಅವನು ಎಷ್ಟು ಗಂಟೆ ಕೆಲಸ ಮಾಡಿದ?

ಮೂರು ಆ್ಯಪ್ಪಿನ ಲಾಗಿನ್ ಸಮಯ ಕೂಡಿಸಿ: ಪಾರ್ಸೆಲ್ 4 ಗಂಟೆ 45 ನಿಮಿಷ, ಊಟದ ಮೊದಲನೇ ಆ್ಯಪ್ ಟೀ ಬಿಡುವು ಕಳೆದು ನಾಲ್ಕೂವರೆ ಗಂಟೆ, ಎರಡನೆಯದು 4 ಗಂಟೆ. ಒಟ್ಟು 13 ಗಂಟೆ 15 ನಿಮಿಷ. ಇದು ತಪ್ಪು, ಯಾಕೆಂದರೆ ಸಾಯಂಕಾಲದ ಒಂದೇ ಹೊತ್ತನ್ನು ಎರಡು ಸಲ ಎಣಿಸಿದ ಹಾಗಾಯಿತು.

ಹಾಗಾದರೆ ಆರ್ಡರ್ ಕೈಲಿದ್ದ ಸಮಯವನ್ನು ಮಾತ್ರ ಎಣಿಸೋಣ. ಎರಡು ಊಟದ ಆ್ಯಪ್ ಸೇರಿ ಮೂರೂವರೆ ಗಂಟೆ, ಪಾರ್ಸೆಲ್ 4.45. ಒಟ್ಟು 8 ಗಂಟೆ 15 ನಿಮಿಷ. ಕೇಳೋದಕ್ಕೆ ಸರ್ಕಾರಿ ನೌಕರಿ ಥರ ಇದೆ! ಇದೂ ತಪ್ಪು. ಹೋಟೆಲಿನ ಮುಂದೆ ಕಾದದ್ದು, ಊರಾಚೆ ಒಂದು ಡೆಲಿವರಿ ಕೊಟ್ಟು ಖಾಲಿ ಕೈಯಲ್ಲಿ ವಾಪಸ್ ಬಂದದ್ದು, ಗೋಡೌನಿನಲ್ಲಿ ವಿಂಗಡಣೆ ಮಾಡಿದ ಒಂದೂಕಾಲು ಗಂಟೆ, ಹಾಸನಕ್ಕೆ ಹೋಗಿ ಬಂದ ಒಂದು ಗಂಟೆ, ಯಾವುದೂ ಇದರಲ್ಲಿಲ್ಲ.

ಸರಿಯಾದ ಲೆಕ್ಕಕ್ಕೆ ಆ್ಯಪ್ ಬೇಡವೇ ಬೇಡ. ಮನೆ ಬಿಟ್ಟ ಹೊತ್ತು, ಮನೆ ಸೇರಿದ ಹೊತ್ತು, ನಡುವೆ ಎಲ್ಲವನ್ನೂ ಆಫ್ ಮಾಡಿದ ಬಿಡುವು. ಬೆಳಿಗ್ಗೆ 7 ಗಂಟೆ, ಸಾಯಂಕಾಲ 6 ಗಂಟೆ, ಅರ್ಧ ಗಂಟೆ ಕಳೆದರೆ ಹನ್ನೆರಡೂವರೆ. ಮೈಗೆ ಗೊತ್ತಿರೋದು ಈ ಹನ್ನೆರಡೂವರೆ ಮಾತ್ರ. ಒಬ್ಬ ಹುಡುಗ ನನಗೆ ಹೇಳಿದ್ದ, "ಅಣ್ಣ, ಆ್ಯಪ್ ಒಂದ್ ಹೇಳ್ತದೆ, ಸೊಂಟ ಇನ್ನೊಂದ್ ಹೇಳ್ತದೆ" ಅಂತ. ಸೊಂಟ ಹೇಳಿದ್ದೇ ಸರಿ.

ಇಲ್ಲಿ 'ಬಿಡುವು' ಅನ್ನೋದರಲ್ಲಿ ಎಲ್ಲರೂ ಎಡವುತ್ತಾರೆ. ಆರ್ಡರ್ ಯಾವಾಗ ಬರುತ್ತೋ ಅಂತ ಫೋನ್ ನೋಡುತ್ತಾ ಬೈಕ್ ಮೇಲೆ ಕೂತದ್ದು ಬಿಡುವಲ್ಲ, ಅದು ಕೆಲಸ. ಎಲ್ಲಾ ಆ್ಯಪ್ ಆಫ್ ಆಗಿದ್ದರೆ ಮಾತ್ರ ಬಿಡುವು. ಈ ಒಂದು ನಿಯಮ ಬಿಗಿಯಾಗಿ ಹಿಡಿದರೆ ಸಾಕು.

ಬರೆಯೋದಕ್ಕೆ ಹತ್ತು ರೂಪಾಯಿಯ ನೋಟ್ ಬುಕ್ ಸಾಕು. ಫೋನಿನಲ್ಲೇ ಗೂಗಲ್ ಶೀಟ್ಸ್ ಬಳಸುವವರು ಒಂದೊಂದು ಸಲ ಮನೆಯಿಂದ ಹೊರಟದ್ದಕ್ಕೂ ಒಂದೊಂದು ಸಾಲು ಹಾಕಲಿ. ಅಂದರೆ ಮೇಲಿನ ಹುಡುಗನಿಗೆ ದಿನಕ್ಕೆ ಎರಡು ಸಾಲು. ಮೊದಲ ಕಾಲಂ ತಾರೀಕು, ಎರಡನೆಯದು ಹೊರಟ ಹೊತ್ತು, ಮೂರನೆಯದು ಸೇರಿದ ಹೊತ್ತು, ನಾಲ್ಕನೆಯದು ಬಿಡುವಿನ ನಿಮಿಷ. ಐದನೆಯ ಕಾಲಮ್ಮಿನಲ್ಲಿ ಗಂಟೆ ಬರಬೇಕಾದರೆ ಹೀಗೆ:

```
=MOD(C2-B2,1)*24-D2/60
```

ಸುಮ್ಮನೆ ಸೇರಿದ ಹೊತ್ತಿನಿಂದ ಹೊರಟ ಹೊತ್ತು ಕಳೆದರೆ ಶನಿವಾರ ರಾತ್ರಿ ಹನ್ನೆರಡೂವರೆಗೆ ಮನೆಗೆ ಬಂದ ದಿನ ಲೆಕ್ಕ ಮೈನಸ್ಸಿಗೆ ಹೋಗುತ್ತೆ. ಆ MOD ಇರೋದು ನಡುರಾತ್ರಿ ದಾಟಿದರೂ ಲೆಕ್ಕ ಕೆಡದೇ ಇರಲಿ ಅಂತ. ಐದನೇ ಕಾಲಮ್ಮನ್ನು 'ಸಮಯ' ಅಂತಲ್ಲ, 'ಸಂಖ್ಯೆ' ಅಂತ ಫಾರ್ಮ್ಯಾಟ್ ಮಾಡಿರಬೇಕು, ಇಲ್ಲದಿದ್ದರೆ ವಿಚಿತ್ರ ಅಂಕಿ ಬರುತ್ತೆ.

ಇನ್ನು ದುಡ್ಡು. ಆರನೇ ಕಾಲಂ ಆ ಸಲದ ದುಡಿಮೆ, ಏಳನೆಯದು ಓಡಿದ ಕಿಲೋಮೀಟರ್ (ಬೈಕಿನ ಮೀಟರ್ ನೋಡಿ, ಆ್ಯಪ್ ತೋರಿಸುವ ದೂರ ಬೇಡ. ಅದರಲ್ಲಿ ಖಾಲಿ ಓಡಾಟ ಪೂರ್ತಿ ಇರೋಲ್ಲ). ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಬೈಕ್ 45 ಕಿಲೋಮೀಟರ್ ಕೊಡುತ್ತೆ, ಟೈರು, ಚೈನು, ಆಯಿಲ್ಲು, ಸರ್ವೀಸಿಗೆ ಕಿಲೋಮೀಟರಿಗೆ 1 ರೂಪಾಯಿ ಅಂತ ಹಿಡಿದರೆ ಉಳಿತಾಯ:

```
=F2-G2*(103/45+1)
```

ಬೈಕಿನ ಇಎಂಐ ಇಲ್ಲಿ ಸೇರಿಸಿಲ್ಲ, ಬೇಕಂತಲೇ ಬಿಟ್ಟಿದ್ದೇನೆ. ಇಎಂಐ ಕೆಲಸಕ್ಕೆ ಹೋದರೂ ಕಟ್ಟಬೇಕು, ಮನೇಲಿ ಮಲಗಿದರೂ ಕಟ್ಟಬೇಕು. ತಿಂಗಳ ಬಜೆಟ್ಟಿನಲ್ಲಿ ಅದು ಇರಲಿ. ಒಂದು ದಿನ ರಜೆ ಹಾಕಿದರೆ ಏನು ಹೋಗುತ್ತೆ ಅಂತ ನೋಡುವಾಗ ಅದನ್ನು ತರಬಾರದು.

ನಮ್ಮ ಹುಡುಗನ ಸೋಮವಾರ ನೋಡಿ. ಬೆಳಿಗ್ಗೆ 45 ಪಾರ್ಸೆಲ್, ಒಂದಕ್ಕೆ 14 ರೂಪಾಯಿಯಂತೆ 630. ಓಡಿದ್ದು 63 ಕಿಲೋಮೀಟರ್. ಖರ್ಚು ಕಳೆದು 423 ಉಳಿಯಿತು, 7 ಗಂಟೆಗೆ. ಅಂದರೆ ಗಂಟೆಗೆ 60 ರೂಪಾಯಿ. ಸಾಯಂಕಾಲ 11 ಆರ್ಡರ್, 350 ರೂಪಾಯಿ. ಹಾಸನದ ಹೋಗಿಬರುವಿಕೆ ಸೇರಿ 72 ಕಿಲೋಮೀಟರ್. ಖರ್ಚು ಕಳೆದು ಉಳಿದದ್ದು 113! ಐದೂವರೆ ಗಂಟೆಗೆ. ಗಂಟೆಗೆ ಇಪ್ಪತ್ತು ರೂಪಾಯಿ ಐವತ್ತು ಪೈಸೆ.

ಯಾಕೆ ಹೀಗೆ? ಆಲೂರಿನಿಂದ ಹಾಸನಕ್ಕೆ ಹೋಗಿ ಬರುವ 30 ಕಿಲೋಮೀಟರಿಗೇ ಸುಮಾರು 99 ರೂಪಾಯಿ ಖರ್ಚು. ಆರ್ಡರ್ 5 ಬಂದರೂ ಅಷ್ಟೇ, 25 ಬಂದರೂ ಅಷ್ಟೇ. ಬೆಂಗಳೂರಿನಲ್ಲಿ ರೂಮ್ ಮಾಡಿಕೊಂಡು ಓಡಿಸುವವನಿಗೆ ಈ ಖರ್ಚಿಲ್ಲ. ಗುಡ್ಡದ ಮೇಲಿನ ಹಳ್ಳಿಯಿಂದ ಇಳಿದು ಬರುವವನಿಗೆ ಇದು ದಿನಾ ಕಟ್ಟುವ ಸುಂಕ. ಮಂಕಾದ ವಾರದ ದಿನಗಳಲ್ಲಿ ಆ ಸುಂಕವೇ ದುಡಿಮೆಯನ್ನು ನುಂಗುತ್ತೆ. ಶುಕ್ರವಾರ, ಶನಿವಾರ ಸಾಯಂಕಾಲ 18 ಆರ್ಡರ್ ಸಿಕ್ಕಿ 600 ಬಂದರೆ, 90 ಕಿಲೋಮೀಟರ್ ಓಡಿಯೂ 304 ಉಳಿಯುತ್ತೆ. ಭಾನುವಾರ ಪಾರ್ಸೆಲ್ ಇಲ್ಲ. ಮಧ್ಯಾಹ್ನ 12ರಿಂದ ರಾತ್ರಿ 11, ಒಂದೂವರೆ ಗಂಟೆ ಬಿಡುವು, ಒಂಬತ್ತೂವರೆ ಗಂಟೆಗೆ 572 ಉಳಿತಾಯ.

ಇಡೀ ವಾರ ಕೂಡಿಸಿದರೆ ಎಂಬತ್ತನಾಲ್ಕೂವರೆ ಗಂಟೆ. ಉಳಿತಾಯ 4170, ಜೊತೆಗೆ ಮೊದಲನೇ ಊಟದ ಆ್ಯಪ್ಪಿನಲ್ಲಿ ವಾರಕ್ಕೆ 60 ಆರ್ಡರ್ ಮುಗಿಸಿದರೆ ಬರುವ 400 ಇನ್ಸೆಂಟಿವ್. ಒಟ್ಟು 4570. ರಜೆ ಸೊನ್ನೆ.

ಈಗ ಅಸಲಿ ಪ್ರಶ್ನೆ. ರಜೆ ಯಾವತ್ತು?

ಯಾರನ್ನೇ ಕೇಳಿ, ಭಾನುವಾರ ಅಂತಾರೆ. ಊರಿಗೆಲ್ಲ ರಜೆ, ಹೆಂಡತಿ ಮಕ್ಕಳು ಮನೇಲಿರ್ತಾರೆ. ಲೆಕ್ಕ ಹಾಕಿ. ಭಾನುವಾರದ 572 ಹೋಯಿತು. ಅವತ್ತು ಮೊದಲನೇ ಆ್ಯಪ್ಪಿನಲ್ಲಿ ಸಿಗುತ್ತಿದ್ದ 18 ಆರ್ಡರ್ ಹೋದರೆ ವಾರದ ಮೊತ್ತ 62ರಿಂದ 44ಕ್ಕೆ ಇಳಿಯಿತು, ಇನ್ಸೆಂಟಿವ್ 400 ಕೂಡ ಹೋಯಿತು. ಒಟ್ಟು ನಷ್ಟ 972. ಸಿಕ್ಕ ವಿಶ್ರಾಂತಿ? ಶನಿವಾರ ರಾತ್ರಿ 11ರಿಂದ ಸೋಮವಾರ ಬೆಳಿಗ್ಗೆ 6.45ರ ತನಕ, 31 ಗಂಟೆ 45 ನಿಮಿಷ.

ಅದರ ಬದಲು ಸೋಮವಾರ ಸಾಯಂಕಾಲ ಮತ್ತು ಮಂಗಳವಾರ ಪೂರ್ತಿ ರಜೆ ಹಾಕಿದರೆ? ಹೋಗುವುದು ಎರಡು ಸಾಯಂಕಾಲದ 226, ಮಂಗಳವಾರದ ಪಾರ್ಸೆಲ್ಲಿನ 423. ಒಟ್ಟು 649. ಇನ್ಸೆಂಟಿವ್ ಉಳಿಸಿಕೊಳ್ಳೋದಕ್ಕೆ ಒಂದು ಉಪಾಯ ಬೇಕು. ಉಳಿದ ದಿನಗಳಲ್ಲಿ ಎರಡು ಆ್ಯಪ್ಪಿನಲ್ಲೂ ಆರ್ಡರ್ ಬಂದರೆ ಮೊದಲನೆಯದಕ್ಕೇ ಆದ್ಯತೆ. ಬುಧ, ಗುರು ತಲಾ 8, ಶುಕ್ರ, ಶನಿ ತಲಾ 14, ಭಾನುವಾರ 18, ಒಟ್ಟು 62. ದಡ ಸೇರಿತು. ವಿಶ್ರಾಂತಿ ಸೋಮವಾರ ಮಧ್ಯಾಹ್ನ 1.45ರಿಂದ ಬುಧವಾರ ಬೆಳಿಗ್ಗೆ 6.45ರ ತನಕ, ಒಂದೇ ಸಮನೆ 41 ಗಂಟೆ!

ಅಂದರೆ ಒಂಬತ್ತು ಗಂಟೆಗೂ ಹೆಚ್ಚು ವಿಶ್ರಾಂತಿ, 323 ರೂಪಾಯಿ ಕಡಿಮೆ ನಷ್ಟಕ್ಕೆ. ಇದು ಯಾವ ಆ್ಯಪ್ಪಿನಲ್ಲೂ ಕಾಣಿಸೋಲ್ಲ. ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಬರೆದಾಗ ಮಾತ್ರ ಕಾಣಿಸುತ್ತೆ. ರಜೆ ಅಂದರೆ ಕ್ಯಾಲೆಂಡರಿನ ಒಂದು ಮನೆಯಲ್ಲ, ಎರಡು ಕೆಲಸದ ನಡುವಿನ ಮುರಿಯದ ಹೊತ್ತು. ಆ ಹೊತ್ತು ಎಲ್ಲಿ ಅಗ್ಗವಾಗಿ ಸಿಗುತ್ತೆ ಅಂತ ಹುಡುಕೋದೇ ಈ ನೋಟ್ ಬುಕ್ಕಿನ ಕೆಲಸ.

649 ರೂಪಾಯಿ ಸಣ್ಣದು ಅಂತ ನಾನು ಹೇಳೋಲ್ಲ. ತಿಂಗಳಿಗೆ ಎರಡೂವರೆ ಸಾವಿರದ ಮೇಲಾಯಿತು, ಕೆಲವರ ಇಎಂಐಯೇ ಅಷ್ಟು. ಆದರೆ ಅದಕ್ಕೆ ಸಿಕ್ಕದ್ದು 18 ಗಂಟೆ. ಅಂದರೆ ಆ ಗಂಟೆಗಳು ಅವನಿಗೆ ಕೊಡುತ್ತಿದ್ದದ್ದು ತಲಾ 36 ರೂಪಾಯಿ. ಅಷ್ಟಕ್ಕೆ ಓಡಿಸಬೇಕೋ, ಮಲಗಬೇಕೋ ಅನ್ನೋದು ಅವನ ತೀರ್ಮಾನ. ಗೊತ್ತಿದ್ದು ತೀರ್ಮಾನ ಮಾಡಲಿ ಅನ್ನೋದಷ್ಟೇ ನನ್ನ ವಾದ. ರಜೆ ಹಾಕಿದ ಮೇಲೂ ಅವನ ವಾರ ಅರವತ್ತಾರೂವರೆ ಗಂಟೆಯದ್ದೇ, ನೆನಪಿರಲಿ.

ಈ ಲೆಕ್ಕ ಕೆಡುವ ಒಂದೆರಡು ಜಾಗ ಹೇಳಿಬಿಡುತ್ತೇನೆ. ಒಂದು, ದುಡ್ಡನ್ನು ಬ್ಯಾಂಕಿಗೆ ಬಂದ ದಿನ ಬರೆಯುವುದು. ಒಂದು ಕಂಪನಿ ವಾರಕ್ಕೊಮ್ಮೆ ಹಾಕುತ್ತೆ, ಇನ್ನೊಂದು ತಿಂಗಳಿಗೊಮ್ಮೆ. ಹಾಗೆ ಬರೆದರೆ ರಜೆ ಹಾಕಿದ ವಾರವೇ ಭರ್ಜರಿ ಸಂಪಾದನೆ ಕಾಣಿಸಿ, ದುಡಿದ ವಾರ ಬರಿಗೈ ಕಾಣಿಸಬಹುದು. ದುಡಿದ ದಿನಕ್ಕೇ ಬರೆಯಬೇಕು. ಎರಡು, ಗಿರಾಕಿ ಕೊಟ್ಟ ಕ್ಯಾಷ್. ಜೇಬಿನಲ್ಲಿದೆ ಅಂತ ಅದು ಸಂಪಾದನೆಯಲ್ಲ, ಕಂಪನಿಗೆ ಕಟ್ಟಬೇಕಾದ ದುಡ್ಡು. ಮೂರು, ಒಂದೇ ವಾರ ನೋಡಿ ತೀರ್ಮಾನ ಮಾಡುವುದು. ನಮ್ಮಲ್ಲಿ ಜೂನ್-ಜುಲೈ ಮಳೆಯಲ್ಲಿ ತೋಟದ ದಾರಿಯ ಪಾರ್ಸೆಲ್ಲಿಗೆ ದುಪ್ಪಟ್ಟು ಹೊತ್ತು ಬೇಕು. ಡಿಸೆಂಬರಿನಿಂದ ಹಣ್ಣು ಕುಯ್ಯುವ ಕಾಲದಲ್ಲಿ ಅದೇ ಹುಡುಗ ತೋಟಕ್ಕೂ ಹೋಗುತ್ತಾನೆ, ಆ ಗಂಟೆಯೂ ಇದೇ ಪುಸ್ತಕಕ್ಕೆ ಬರಬೇಕು. ನಾಲ್ಕು ವಾರದ ಸರಾಸರಿ ನೋಡಿ, ಕಾಲ ಬದಲಾದಾಗ ಮತ್ತೆ ಲೆಕ್ಕ ಹಾಕಿ. ಬರೆಯೋದು ಮರೆತ ದಿನ ಫೋನಿನ ಮ್ಯಾಪ್ ಟೈಮ್‌ಲೈನ್ ಆನ್ ಇದ್ದರೆ ಮನೆ ಬಿಟ್ಟ ಹೊತ್ತು ಅಲ್ಲಿ ಸಿಗುತ್ತೆ.

ಇಷ್ಟು ಹುಡುಗನ ಕೆಲಸ. ಇನ್ನು ಸರಕಾರದ್ದು.

ಕರ್ನಾಟಕ ಸರಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂತು. ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಗಸ್ಟಿನಲ್ಲಿ ವಿಧಾನಮಂಡಲದ ಒಪ್ಪಿಗೆ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಎರಡು ಅಂಶ. ಕಾರ್ಮಿಕನಿಗೆ ಎಲ್ಲಾ ಪ್ಲಾಟ್‌ಫಾರ್ಮಿಗೂ ಸೇರಿ ಒಂದೇ ಗುರುತಿನ ಸಂಖ್ಯೆ. ಮತ್ತೆ, ಕಂಪನಿಗಳು ಅವನಿಗೆ ಕೊಡುವ ದುಡ್ಡು ಹಾಗೂ ಅದರ ಮೇಲೆ ಕಟ್ಟುವ ಕಲ್ಯಾಣ ಶುಲ್ಕ (ಕಾಯ್ದೆಯ ಪ್ರಕಾರ ಶೇಕಡಾ 1ರಿಂದ 5) ಸರಕಾರದ ಒಂದೇ ವ್ಯವಸ್ಥೆಯಲ್ಲಿ ದಾಖಲಾಗಬೇಕು. ಯೋಚನೆ ಮಾಡಿ, ಇದು ಚೆಕ್ ರೋಲಿನ ಅರ್ಧ ಭಾಗ! ದುಡ್ಡಿನ ಕಾಲಂ ಬಂತು. ಹೊತ್ತಿನ ಕಾಲಂ ಬರಬೇಕು.

ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಡಿಸೆಂಬರಿನಲ್ಲಿ ಹೊರಡಿಸಿದ ಕರಡು ನಿಯಮದ ಪ್ರಕಾರ ಸೌಲಭ್ಯಕ್ಕೆ ಅರ್ಹತೆ ಬೇಕಾದರೆ ವರ್ಷದಲ್ಲಿ ಒಂದೇ ಕಂಪನಿಗೆ 90 ದಿನ, ಇಲ್ಲವೇ ಹಲವು ಕಂಪನಿ ಸೇರಿ 120 ದಿನ ದುಡಿದಿರಬೇಕು. ಒಂದೇ ದಿನ ಮೂರು ಕಂಪನಿಗೆ ದುಡಿದರೆ ಅದು ಮೂರು ದಿನ ಅಂತ ಎಣಿಕೆ. ಅರ್ಹತೆ ಬೇಗ ಸಿಗಲಿ ಅನ್ನುವ ಒಳ್ಳೆಯ ಉದ್ದೇಶವೇ ಇರಬಹುದು. ಆದರೆ ನಮ್ಮ ಹುಡುಗನ ಸೋಮವಾರ ಆ ಪುಸ್ತಕದಲ್ಲಿ 'ಮೂರು ದಿನ' ಅಂತ ಬೀಳುತ್ತೆ, ಹನ್ನೆರಡೂವರೆ ಗಂಟೆ ಅಂತ ಎಲ್ಲೂ ಬೀಳೋಲ್ಲ. ಒಂದು ದಿನವನ್ನು ಮೂರು ಮಾಡಿ ಎಣಿಸೋದಕ್ಕೆ ಗೊತ್ತಿರುವ ಲೆಕ್ಕಕ್ಕೆ, ಆ ದಿನ ಎಷ್ಟು ಉದ್ದ ಇತ್ತು ಅಂತ ಗೊತ್ತಿಲ್ಲ.

ಬೇರೆ ಕಡೆ ಇದನ್ನು ಮಾಡಿದ್ದಾರೆ. ನ್ಯೂಯಾರ್ಕ್ ನಗರದ ಟ್ಯಾಕ್ಸಿ ಆಯೋಗ 2017ರಲ್ಲಿ ಒಂದು ನಿಯಮ ತಂತು. ಒಬ್ಬ ಚಾಲಕ 24 ಗಂಟೆಯಲ್ಲಿ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವಂತಿಲ್ಲ, ಎಷ್ಟೇ ಕಂಪನಿಗೆ ಓಡಿಸಲಿ. ಎಲ್ಲಾ ಕಂಪನಿಗಳೂ ಟ್ರಿಪ್ಪಿನ ವಿವರವನ್ನು ಆಯೋಗಕ್ಕೆ ಕೊಡಲೇಬೇಕಾದ್ದರಿಂದ ಕೂಡಿಸೋದು ಸಾಧ್ಯವಾಯಿತು. ಆದರೆ ಅಲ್ಲೂ ಎಣಿಸೋದು ಪ್ರಯಾಣಿಕರಿದ್ದ ಹೊತ್ತನ್ನು ಮಾತ್ರ. ಕಾದ ಹೊತ್ತು ಅಲ್ಲೂ ಲೆಕ್ಕಕ್ಕಿಲ್ಲ.

ಹಾಗಂತ ನಮ್ಮಲ್ಲೂ ನಾಳೆಯೇ ಇಷ್ಟು ಗಂಟೆ ಆದ ಮೇಲೆ ಆ್ಯಪ್ ಬಂದ್ ಅಂತ ಮಾಡಬೇಕು ಅನ್ನೋದಿಲ್ಲ ನಾನು. ಗಂಟೆಗೆ ಇಪ್ಪತ್ತು ರೂಪಾಯಿ ಉಳಿಯುವವನ ಗಂಟೆಗೆ ಮಿತಿ ಹಾಕಿದರೆ ಅವನು ಮಲಗೋಲ್ಲ, ತಮ್ಮನ ಹೆಸರಿನ ಐಡಿಯಲ್ಲಿ ಓಡಿಸುತ್ತಾನೆ. ಆಗ ಅಪಘಾತವಾದರೆ ವಿಮೆಯೂ ಇಲ್ಲ. ದರ ಸರಿಯಾಗದೆ ಮಿತಿ ಬಂದರೆ ಏಟು ಬೀಳೋದು ಅವನಿಗೇ.

ನಾನು ಕೇಳೋದು ಅದಕ್ಕಿಂತ ಸಣ್ಣದು. ದುಡ್ಡಿನ ಜೊತೆಗೆ ಲಾಗಿನ್ ಆದ ಹೊತ್ತು, ಆಫ್ ಆದ ಹೊತ್ತು, ಈ ಎರಡನ್ನೂ ಕಂಪನಿಗಳು ಆ ಒಂದೇ ಗುರುತಿನ ಸಂಖ್ಯೆಗೆ ಕಳಿಸಲಿ. ಎರಡು ಆ್ಯಪ್ ಒಟ್ಟಿಗೆ ಆನ್ ಇದ್ದ ಹೊತ್ತನ್ನು ಒಂದೇ ಸಲ ಎಣಿಸಿ, ವಾರದ ಒಟ್ಟು ಗಂಟೆ, ಕೊನೆಯ ಬಾರಿ ಮುರಿಯದೆ ಸಿಕ್ಕ ವಿಶ್ರಾಂತಿ, ಇವೆರಡನ್ನೂ ಕಾರ್ಮಿಕನ ಫೋನಿಗೆ ಕನ್ನಡದಲ್ಲಿ ಕಳಿಸಲಿ. ಅದು ಅವನಿಗೂ ಕಲ್ಯಾಣ ಮಂಡಳಿಗೂ ಮಾತ್ರ ಕಾಣಲಿ, ಕಂಪನಿಗಳಿಗೆ ಕಾಣಬಾರದು. ಇವನು ಬೇರೆಯವರಿಗೂ ಓಡಿಸ್ತಾನೆ ಅಂತ ಗೊತ್ತಾದರೆ ಆರ್ಡರ್ ಕಡಿಮೆ ಕೊಡ್ತಾರೋ ಏನೋ ಅನ್ನೋ ಭಯ ಹುಡುಗರಲ್ಲಿದೆ, ಆ ಭಯ ಸುಳ್ಳು ಅಂತ ಯಾರೂ ತೋರಿಸಿಕೊಟ್ಟಿಲ್ಲ.

ಹೀಗೆ ಎರಡು ವರ್ಷ ಲೆಕ್ಕ ಸೇರಿದರೆ ದರದ ಮಾತಾಡೋದಕ್ಕೆ ಆಧಾರ ಸಿಗುತ್ತೆ. ಈಗ ಕಂಪನಿಯವರು ಆರ್ಡರ್ ಕೈಲಿದ್ದ ಗಂಟೆಯಿಂದ ಭಾಗಿಸಿ 'ಗಂಟೆಗೆ ಇಷ್ಟು ಸಿಗುತ್ತೆ' ಅನ್ನಬಹುದು, ಸಂಘದವರು ಮನೆ ಬಿಟ್ಟ ಗಂಟೆಯಿಂದ ಭಾಗಿಸಿ 'ಇಷ್ಟೇ' ಅನ್ನಬಹುದು. ಭಾಜಕವೇ ಬೇರೆಯಾದ ಮೇಲೆ ಜಗಳ ಬಗೆಹರಿಯೋದು ಹೇಗೆ?

ಅಲ್ಲಿಯವರೆಗೆ ಹತ್ತು ರೂಪಾಯಿಯ ನೋಟ್ ಬುಕ್ಕೇ ಗತಿ. ನಿಮ್ಮ ಮನೆಗೆ ಪಾರ್ಸೆಲ್ ತರುವ ಹುಡುಗ ಪರಿಚಯದವನಾಗಿದ್ದರೆ ಒಮ್ಮೆ ಕೇಳಿ ನೋಡಿ, ಕಳೆದ ವಾರ ಎಲ್ಲಾ ಸೇರಿ ಎಷ್ಟು ಗಂಟೆ ಆಯ್ತಪ್ಪಾ ಅಂತ. ನಾನು ಕೇಳಿದವರಲ್ಲಿ ದುಡ್ಡು ಎಷ್ಟು ಅಂತ ಎಲ್ಲರೂ ಥಟ್ಟನೆ ಹೇಳಿದರು. ಗಂಟೆ ಎಷ್ಟು ಅಂತ ಒಬ್ಬನೂ ಹೇಳಲಿಲ್ಲ.